ಗೋಡೆಯೋ ಬೀರುವೋ: ದುರ್ಬಲ ವೈಫೈ ಇದ್ದ ಒಂದು ಕೋಣೆಯ ಪ್ರಕರಣ ಅಧ್ಯಯನ

ಈ ಪ್ರಕರಣದ ಮನೆಯಲ್ಲಿ ಉದ್ದನೆಯ ಹಜಾರವೊಂದಿದ್ದು, ಅದರ ಒಂದು ತುದಿಯ ಮೇಜಿನ ಮೇಲೆ ವೈಫೈ ರೂಟರ್ ಇದೆ. ಹಜಾರದ ಇನ್ನೊಂದು ತುದಿಯ ಗೋಡೆಯ ಹಿಂದೆ ಎರಡು ಕೋಣೆಗಳು ಒಂದರ ಪಕ್ಕ ಒಂದಿವೆ. ಎಡಕ್ಕಿರುವುದು ಮಲಗುವ ಕೋಣೆ, ಬಲಕ್ಕಿರುವುದು ಓದುವ ಕೋಣೆ. ಎರಡಕ್ಕೂ ಹಜಾರಕ್ಕೂ ನಡುವೆ ಇರುವುದು ಒಂದೇ ಇಟ್ಟಿಗೆ ಗೋಡೆ; ಉದ್ದಕ್ಕೂ ಅದರ ದಪ್ಪ ಒಂದೇ. ರೂಟರ್‌ನಿಂದ ಮಲಗುವ ಕೋಣೆಯ ಮಂಚಕ್ಕೆ ಎಷ್ಟು ದೂರವೋ ಓದುವ ಕೋಣೆಯ ಮೇಜಿಗೂ ಅಷ್ಟೇ ದೂರ, ಸುಮಾರು 8 ಮೀಟರ್. ಹೀಗಿದ್ದೂ ಮಲಗುವ ಕೋಣೆಯಲ್ಲಿ ಯಾವ ತೊಂದರೆಯೂ ಇರಲಿಲ್ಲ. ಓದುವ ಕೋಣೆಯ ಮೇಜಿನ ಮುಂದೆ ಕುಳಿತರೆ ಮಾತ್ರ ಲ್ಯಾಪ್‌ಟಾಪಿನ ವಿಡಿಯೊ ಕರೆ ಪದೇ ಪದೇ ನಿಂತುಹೋಗುತ್ತಿತ್ತು, ಫೋನಿನಲ್ಲಿಯೂ ಮಾತು ತುಂಡಾಗಿ ಕೇಳುತ್ತಿತ್ತು.

ಮನೆಯವರು ಇದಕ್ಕೆ ಕಾರಣವನ್ನು ಮೊದಲೇ ತೀರ್ಮಾನಿಸಿಬಿಟ್ಟಿದ್ದರು. ಕೋಣೆ ದೂರ, ಗೋಡೆ ದಪ್ಪ, ರೂಟರ್ ಹಳೆಯದು ಎಂಬ ಮೂರು ಮಾತುಗಳು ಸರದಿಯಂತೆ ಬರುತ್ತಿದ್ದವು, ಮತ್ತು ಸಿಗ್ನಲನ್ನು ಮುಂದಕ್ಕೆ ಹಾಯಿಸುವ ಎಕ್ಸ್‌ಟೆಂಡರ್ ಒಂದನ್ನು ಕೊಂಡು ಅದೇ ಕೋಣೆಯಲ್ಲಿ ಹಾಕುವ ಯೋಚನೆಯೂ ನಡೆದಿತ್ತು. ಅಷ್ಟೇ ದೂರದಲ್ಲಿ, ಅದೇ ಗೋಡೆಯ ಹಿಂದೆ ಇರುವ ಇನ್ನೊಂದು ಕೋಣೆ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬ ಒಂದು ಸಂಗತಿಯೇ ಈ ಮೂರೂ ವಿವರಣೆಗಳನ್ನು ಅನುಮಾನಕ್ಕೆ ಒಡ್ಡಬೇಕಿತ್ತು. ಮನೆಯಲ್ಲಿ ದುರ್ಬಲ ಕೋಣೆಗೆ ಜೋಡಿಯಾಗಬಲ್ಲ ಇನ್ನೊಂದು ಕೋಣೆ ಸಿಗುವುದು ಅಪರೂಪದ ಅನುಕೂಲ. ಸಿಕ್ಕಾಗ ಅಳತೆಯನ್ನು ಅಲ್ಲಿಂದಲೇ ಆರಂಭಿಸುವುದು ಲೇಸು.

ಅಂಕಿಯನ್ನು ಓದುವ ಬಗೆ

ಅಳತೆಗೆ ಬಳಸಿದ್ದು ಆಂಡ್ರಾಯ್ಡ್ ಫೋನಿನಲ್ಲಿ ಉಚಿತವಾಗಿ ಸಿಗುವ, ಮುಕ್ತ ತಂತ್ರಾಂಶವಾದ WiFi Analyzer ಎಂಬ ಆ್ಯಪ್. ಸುತ್ತಲಿನ ಪ್ರತಿಯೊಂದು ವೈಫೈ ಜಾಲದ ಹೆಸರು, ಅದು ಬಳಸುತ್ತಿರುವ ಚಾನೆಲ್, ಅಂದರೆ ಆವರ್ತಾಂಕದ ಚಿಕ್ಕ ಪಟ್ಟಿ, ಮತ್ತು ಅದರ ಸಿಗ್ನಲ್ ಬಲವನ್ನು ಅದು ಪಟ್ಟಿ ಮಾಡಿ ತೋರಿಸುತ್ತದೆ. ಬಲವನ್ನು ಸೂಚಿಸುವ ಅಂಕಿಯ ಮುಂದೆ dBm ಎಂದು ಬರೆದಿರುತ್ತದೆ. ಒಂದು ಮಿಲಿವಾಟ್ ಶಕ್ತಿಯನ್ನು ಸೊನ್ನೆ ಡಿಬಿಎಂ ಎಂದು ಇಟ್ಟುಕೊಂಡು, ಅದಕ್ಕೆ ಹೋಲಿಸಿದರೆ ಫೋನಿಗೆ ಬಂದು ಮುಟ್ಟಿದ ಶಕ್ತಿ ಎಷ್ಟು ಎಂಬುದನ್ನು ಈ ಮಾನದಲ್ಲಿ ಹೇಳುತ್ತಾರೆ. ಮುಟ್ಟುವ ಶಕ್ತಿ ಯಾವಾಗಲೂ ಒಂದು ಮಿಲಿವಾಟ್‌ಗಿಂತ ಬಹಳ ಕಡಿಮೆ ಇರುವುದರಿಂದ ಅಂಕಿ ಸದಾ ಋಣಾತ್ಮಕವಾಗಿರುತ್ತದೆ. -60 ಎಂಬುದು -80 ಕ್ಕಿಂತ ಬಲವಾದ ಸಿಗ್ನಲ್.

ಈ ಮಾನ ಲಾಗರಿದಮ್ ಆಧಾರಿತವಾದದ್ದು ಎಂಬುದನ್ನು ಮರೆತರೆ ಅಂಕಿಗಳು ದಾರಿ ತಪ್ಪಿಸುತ್ತವೆ. ಈ ಅಂಕಿ 3 ಇಳಿದರೆ, ಅಂದರೆ 3 ಡೆಸಿಬೆಲ್ ಕಡಿಮೆಯಾದರೆ, ಶಕ್ತಿ ಅರ್ಧವಾಗುತ್ತದೆ, 10 ಇಳಿದರೆ ಹತ್ತನೆಯ ಒಂದು ಭಾಗವಾಗುತ್ತದೆ, 20 ಇಳಿದರೆ ನೂರನೆಯ ಒಂದು ಭಾಗವಾಗುತ್ತದೆ. ಆದ್ದರಿಂದ -64 ಮತ್ತು -80 ನೋಡಲು ಹತ್ತಿರದ ಸಂಖ್ಯೆಗಳಂತೆ ಕಂಡರೂ ಅವುಗಳ ನಡುವಿನ ಶಕ್ತಿಯ ಅಂತರ ಸುಮಾರು 40 ಪಟ್ಟು. ಬಳಕೆಯ ದೃಷ್ಟಿಯಿಂದ, ಧ್ವನಿ ಮತ್ತು ವಿಡಿಯೊ ಕರೆಗಳಿಗೆ -67 ಅಥವಾ ಅದಕ್ಕಿಂತ ಬಲವಾದ ಸಿಗ್ನಲ್ ಇರಬೇಕೆಂಬುದು ಈ ಕ್ಷೇತ್ರದಲ್ಲಿ ರೂಢಿಯಲ್ಲಿರುವ ಗುರಿ. -70 ರ ಆಚೆಗೆ ವೇಗ ಕುಸಿಯತೊಡಗುತ್ತದೆ, -80 ರ ಆಸುಪಾಸಿನಲ್ಲಿ ಸಂಪರ್ಕ ಹೆಸರಿಗಷ್ಟೇ ಉಳಿಯುತ್ತದೆ.

ಫೋನಿನ ಮೇಲ್ಭಾಗದಲ್ಲಿ ಕಾಣುವ ಸಿಗ್ನಲ್ ಕಡ್ಡಿಗಳಿಂದ ಈ ಕೆಲಸ ಆಗುವುದಿಲ್ಲ. ಇಡೀ ವ್ಯಾಪ್ತಿಯನ್ನು ಮೂರು ನಾಲ್ಕು ಮೆಟ್ಟಿಲುಗಳಿಗೆ ಇಳಿಸಿರುವುದರಿಂದ, ಕಾರಣವನ್ನು ಹುಡುಕಲು ಬೇಕಾದ 5, 8, 15 ಡೆಸಿಬೆಲ್‌ಗಳ ವ್ಯತ್ಯಾಸ ಅವುಗಳಲ್ಲಿ ಮರೆಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಫೋನು ಆ ಕ್ಷಣಕ್ಕೆ ಯಾವ ಆವರ್ತಾಂಕದ ಬ್ಯಾಂಡಿಗೆ ಅಂಟಿಕೊಂಡಿದೆಯೋ ಅದರ ಬಲವನ್ನಷ್ಟೇ ಕಡ್ಡಿಗಳು ತೋರಿಸುತ್ತವೆ. ಈ ಮನೆಯ ರೂಟರ್ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎರಡನ್ನೂ ಒಂದೇ ಹೆಸರಿನಲ್ಲಿ ಬಿತ್ತರಿಸುತ್ತಿತ್ತು. ಓದುವ ಕೋಣೆಗೆ ಬಂದೊಡನೆ ಫೋನು ಸದ್ದಿಲ್ಲದೆ 2.4 ಕ್ಕೆ ಜಾರಿ ಸಾಕಷ್ಟು ಕಡ್ಡಿಗಳನ್ನು ತೋರಿಸುತ್ತಿತ್ತು, ಲ್ಯಾಪ್‌ಟಾಪು 5 ರಲ್ಲಿಯೇ ನೇತಾಡುತ್ತಿತ್ತು. ಆ್ಯಪಿನ ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಾಲುಗಳಲ್ಲಿ ಬೇರೆ ಬೇರೆಯಾಗಿ ಬರುತ್ತದೆ. ಸಾಲಿನಲ್ಲಿಯೇ ಆವರ್ತಾಂಕ ನಮೂದಾಗಿರುವುದರಿಂದ ಯಾವುದು ಯಾವ ಬ್ಯಾಂಡ್ ಎಂದು ಗುರುತಿಸಬಹುದು. ಈ ಅಧ್ಯಯನದ ಉದ್ದಕ್ಕೂ 5 ಗಿಗಾಹರ್ಟ್ಸ್ ಸಾಲನ್ನೇ ಹಿಂಬಾಲಿಸಿ, 2.4 ರದನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಲಾಯಿತು.

ಅಳತೆಯ ಶಿಸ್ತು

ಆ್ಯಪ್ ತೆರೆದು ಕೋಣೆಯಿಂದ ಕೋಣೆಗೆ ನಡೆಯುತ್ತಾ ಕಂಡ ಅಂಕಿಯನ್ನು ಬರೆದುಕೊಂಡರೆ ಸಿಗುವುದು ಬಹುಮಟ್ಟಿಗೆ ಸುಳ್ಳು ಅಂಕಿ. ಆಂಡ್ರಾಯ್ಡ್ 9 ರಿಂದೀಚೆಗೆ, ಪರದೆಯ ಮೇಲೆ ತೆರೆದಿರುವ ಆ್ಯಪ್ ಕೂಡ ಎರಡು ನಿಮಿಷಕ್ಕೆ ನಾಲ್ಕು ಬಾರಿ ಮಾತ್ರ ಹೊಸದಾಗಿ ಜಾಲಗಳನ್ನು ಹುಡುಕಬಹುದು. ಆದ್ದರಿಂದ ಪರದೆಯ ಮೇಲೆ ಕಾಣುವ ಅಂಕಿ ಅರ್ಧ ನಿಮಿಷದಷ್ಟು ಹಳೆಯದಾಗಿರಬಹುದು, ಅಂದರೆ ಹಿಂದಿನ ಕೋಣೆಯದ್ದೇ ಆಗಿರಬಹುದು. ಆಂಡ್ರಾಯ್ಡ್ 10 ಮತ್ತು ಮುಂದಿನ ಆವೃತ್ತಿಗಳಲ್ಲಿ ಡೆವಲಪರ್ ಆಯ್ಕೆಗಳ ಒಳಗಿರುವ Wi-Fi scan throttling ಎಂಬುದನ್ನು ಆಫ್ ಮಾಡಿದರೆ ಈ ತಡೆ ಇಲ್ಲವಾಗುತ್ತದೆ. ಅದನ್ನು ಮುಟ್ಟಲು ಮನಸ್ಸಿಲ್ಲದವರು ಪ್ರತಿ ಜಾಗದಲ್ಲಿಯೂ ಅಂಕಿ ಹೊಸದಾಗುವವರೆಗೆ ಕಾಯಬೇಕು. ಪಟ್ಟಿಯೇ ಖಾಲಿ ಬಂದರೆ ಫೋನಿನ ಲೊಕೇಶನ್ ಆರಿದೆ, ಇಲ್ಲವೇ ಆ್ಯಪಿಗೆ ಅದರ ಅನುಮತಿ ಸಿಕ್ಕಿಲ್ಲ ಎಂದರ್ಥ. ಐಫೋನಿನಲ್ಲಿ ಇಂಥ ಆ್ಯಪ್‌ಗಳಿಗೆ ಈ ಮಾಹಿತಿ ಸಿಗುವುದಿಲ್ಲ. ಅಲ್ಲಿ ಆಪಲ್ ಸಂಸ್ಥೆಯದ್ದೇ ಆದ AirPort Utility ಯನ್ನು ಹಾಕಿಕೊಂಡು, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅದರ Wi-Fi Scanner ಆಯ್ಕೆಯನ್ನು ಚಾಲೂ ಮಾಡಬೇಕಾಗುತ್ತದೆ.

ಎರಡನೆಯ ತೊಡಕು ಕೋಣೆಯ ಒಳಗಿನ ಅಲೆಗಳ ಸ್ವಭಾವದ್ದು. ಗೋಡೆ, ನೆಲ, ಚಾವಣಿಗಳಿಂದ ಪ್ರತಿಫಲಿಸಿ ಬಂದ ಅಲೆಗಳು ನೇರವಾಗಿ ಬಂದ ಅಲೆಯೊಂದಿಗೆ ಕೆಲವೆಡೆ ಕೂಡಿಕೊಳ್ಳುತ್ತವೆ, ಕೆಲವೆಡೆ ಒಂದನ್ನೊಂದು ಅಳಿಸಿಹಾಕುತ್ತವೆ. 5 ಗಿಗಾಹರ್ಟ್ಸ್ ಅಲೆಯ ಉದ್ದ 6 ಸೆಂಟಿಮೀಟರ್‌ಗಿಂತ ಕಡಿಮೆ ಇರುವುದರಿಂದ, ಫೋನನ್ನು ನಾಲ್ಕು ಬೆರಳಿನಷ್ಟು ಸರಿಸಿದರೂ ಅಂಕಿ ಐದಾರು ಡೆಸಿಬೆಲ್ ಮೇಲೆ ಕೆಳಗೆ ಆಗುವುದುಂಟು. ಹಿಡಿದ ಕೈ ಮತ್ತು ನಡುವೆ ನಿಂತ ದೇಹ ಕೂಡ ಸಿಗ್ನಲನ್ನು ಹೀರುತ್ತವೆ. ಹಾಗಾಗಿ ಪ್ರತಿ ಜಾಗದಲ್ಲಿಯೂ ರೂಟರ್ ಕಡೆಗೆ ಮುಖ ಮಾಡಿ, ಫೋನನ್ನು ಎದೆಯ ಎತ್ತರದಲ್ಲಿ ಒಂದೇ ಭಂಗಿಯಲ್ಲಿ ಹಿಡಿದು, ಒಂದಡಿಯ ವ್ಯಾಪ್ತಿಯಲ್ಲಿ ನಿಧಾನವಾಗಿ ಸರಿಸುತ್ತಾ ಹಲವು ಅಂಕಿಗಳನ್ನು ಬರೆದುಕೊಂಡು ನಡುವಿನದನ್ನು ಆರಿಸಿಕೊಳ್ಳಲಾಯಿತು. ಬಾಗಿಲುಗಳನ್ನು ಎಲ್ಲ ಅಳತೆಗಳ ವೇಳೆಯೂ ಮುಚ್ಚಿಡಲಾಯಿತು. ಹೀಗೆ ಮಾಡಿದರೂ 3 ಡೆಸಿಬೆಲ್‌ಗಿಂತ ಕಡಿಮೆ ಇರುವ ವ್ಯತ್ಯಾಸಕ್ಕೆ ಅರ್ಥ ಹಚ್ಚಬಾರದು ಎಂಬುದು ನನ್ನ ನಿಲುವು. ಇನ್ನೊಂದು ಎಚ್ಚರ: ಒಂದೇ ಜಾಗದಲ್ಲಿ ಎರಡು ಬೇರೆ ಫೋನುಗಳು ಬೇರೆ ಬೇರೆ ಅಂಕಿ ತೋರಿಸುವುದು ಸಾಮಾನ್ಯ, ಏಕೆಂದರೆ ಅವುಗಳ ಆಂಟೆನಾಗಳು ಬೇರೆ. ಇದು ಪ್ರಯೋಗಾಲಯದ ಮಾಪಕವಲ್ಲ. ಒಂದೇ ಫೋನಿನಿಂದ ತೆಗೆದ ಎರಡು ಅಂಕಿಗಳ ನಡುವಿನ ಅಂತರವನ್ನು ನಂಬಬಹುದೇ ಹೊರತು ಒಂಟಿ ಅಂಕಿಯನ್ನಲ್ಲ.

ಅಂಕಿಗಳು ಹೇಳಿದ್ದು

ರೂಟರ್‌ನಿಂದ ಒಂದು ಮೀಟರ್ ದೂರದಲ್ಲಿ ನಿಂತಾಗ 5 ಗಿಗಾಹರ್ಟ್ಸ್ ಸಾಲು -38 ತೋರಿಸಿತು. ಇದು ಉಳಿದೆಲ್ಲ ಲೆಕ್ಕಕ್ಕೂ ಬುನಾದಿ. ರೂಟರ್ ಹಳೆಯದಾಗಿ ಸೊರಗಿದೆ ಎಂಬ ಅನುಮಾನ ಇಲ್ಲಿಗೇ ಮುಗಿಯಿತು. ಆಂಟೆನಾ ಕೆಟ್ಟಿದ್ದರೆ ಅಥವಾ ಬಿತ್ತರಿಸುವ ಶಕ್ತಿ ತಗ್ಗಿದ್ದರೆ ಇಷ್ಟು ಹತ್ತಿರದಲ್ಲಿಯೇ ಅಂಕಿ -50 ರ ಕಡೆಗೆ ಇಳಿದಿರುತ್ತಿತ್ತು.

ಅಡ್ಡಿಯಿಲ್ಲದ ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸಿಗ್ನಲ್ 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಿಂದ ಎರಡಕ್ಕೆ, ಎರಡರಿಂದ ನಾಲ್ಕಕ್ಕೆ, ನಾಲ್ಕರಿಂದ ಎಂಟಕ್ಕೆ ಹೋದರೆ ಮೂರು ಬಾರಿ ಇಮ್ಮಡಿಯಾದಂತಾಗಿ 18 ಡೆಸಿಬೆಲ್ ಕಳೆಯುತ್ತದೆ. ಅಂದರೆ ನಡುವೆ ಏನೂ ಇಲ್ಲದಿದ್ದರೆ 8 ಮೀಟರ್ ದೂರದಲ್ಲಿ -56 ಇರಬೇಕು. ಈ ನಿಯಮ ಮನೆಯೊಳಗೆ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ತಿಳಿಯಲು ಹಜಾರದ ದೂರದ ತುದಿಯಲ್ಲಿ, ಗೋಡೆಗೆ ಮುಟ್ಟುವಂತೆ, ರೂಟರ್‌ನಿಂದ 6 ಮೀಟರ್ ದೂರದಲ್ಲಿ ಅಳೆದಾಗ -54 ಬಂತು. ಲೆಕ್ಕದ ಪ್ರಕಾರವೂ ಅಲ್ಲಿ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಹಜಾರ ಉದ್ದವಾಗಿ ತೆರೆದುಕೊಂಡಿದ್ದರಿಂದ ಲೆಕ್ಕ ಇಷ್ಟು ಹತ್ತಿರ ಬಂದಿರಬಹುದು. ಸಾಮಾನು ತುಂಬಿದ ಮನೆಗಳಲ್ಲಿ ಇಷ್ಟು ಹೊಂದಾಣಿಕೆಯನ್ನು ನಿರೀಕ್ಷಿಸಲಾಗದು.

ಮಲಗುವ ಕೋಣೆಯ ಮಂಚದ ಬಳಿ -64 ಬಂತು. ಬಯಲಿನ ಲೆಕ್ಕಕ್ಕಿಂತ 8 ಕಡಿಮೆ. ಅದು ಇಟ್ಟಿಗೆ ಗೋಡೆ ತೆಗೆದುಕೊಂಡ ಪಾಲು, ಇಟ್ಟಿಗೆಗೆ ಒಪ್ಪುವಂಥ ಪಾಲೇ. ಓದುವ ಕೋಣೆಯ ಮೇಜಿನ ಬಳಿ ಬಂದದ್ದು -80. ದೂರದ ಪಾಲು ಕಳೆದು, ಗೋಡೆಯ ಪಾಲೂ ಕಳೆದ ಮೇಲೆ 16 ಡೆಸಿಬೆಲ್‌ಗೆ ಲೆಕ್ಕ ಕೊಡುವವರು ಯಾರೂ ಇರಲಿಲ್ಲ. 2.4 ಗಿಗಾಹರ್ಟ್ಸ್ ಸಾಲಿನಲ್ಲಿಯೂ ಇದೇ ಕಥೆ, ಸ್ವಲ್ಪ ಮೃದುವಾಗಿ: ಮಂಚದ ಬಳಿ -55, ಮೇಜಿನ ಬಳಿ -67, ಅಂತರ 12. ಉದ್ದನೆಯ ಅಲೆ ಅಡ್ಡಿಯ ಅಂಚನ್ನು ಬಳಸಿಕೊಂಡು ಹೆಚ್ಚು ಸುಲಭವಾಗಿ ಬಾಗುತ್ತದೆಯಾದ್ದರಿಂದ, ನೆರಳಿನಲ್ಲಿ 2.4 ಕ್ಕೆ ಆಗುವ ನಷ್ಟ 5 ಕ್ಕಿಂತ ತುಸು ಕಡಿಮೆ ಇರುವುದು ಸಹಜ. ಎರಡೂ ಬ್ಯಾಂಡ್‌ಗಳು ಒಟ್ಟಿಗೆ ಕುಸಿದದ್ದು ಮುಖ್ಯ ಸುಳಿವು. ಒಂದೇ ಬ್ಯಾಂಡ್ ಕುಸಿದಿದ್ದರೆ ರೂಟರಿನ ಆ ಭಾಗದ ಮೇಲೆ ಅನುಮಾನ ಪಡಬಹುದಿತ್ತು. ಎರಡೂ ಕುಸಿದಿವೆಯೆಂದರೆ ದಾರಿಯಲ್ಲಿ ಯಾವುದೋ ವಸ್ತು ಅಡ್ಡ ನಿಂತಿದೆ.

ಆ ವಸ್ತುವಿಗೆ ಇಬ್ಬರು ಅಭ್ಯರ್ಥಿಗಳಿದ್ದರು. ಓದುವ ಕೋಣೆಯಲ್ಲಿ, ಹಜಾರದ ಕಡೆಯ ಗೋಡೆಗೆ ಬೆನ್ನು ಮಾಡಿ, ಒಂದು ಮೀಟರ್ ಅಗಲದ, ಆಳೆತ್ತರವನ್ನು ಮೀರಿದ ಕಬ್ಬಿಣದ ಬೀರು ನಿಂತಿತ್ತು. ರೂಟರ್‌ನಿಂದ ಮೇಜಿಗೆ ಎಳೆದ ಸರಳರೇಖೆ ಅದರ ನಡುವಿನಲ್ಲಿಯೇ ಹಾದುಹೋಗುತ್ತಿತ್ತು. ಆದರೆ ಮನೆಯ ಹಿರಿಯರು, ಆ ಭಾಗದ ಗೋಡೆಯೊಳಗೆ ಕಾಂಕ್ರೀಟ್ ಕಂಬವಿದೆಯೆಂದೂ ಕಂಬಿಗಳು ತುಂಬಿದ ಅದರ ಮುಂದೆ ಬೀರುವಿನ ತಗಡು ಲೆಕ್ಕಕ್ಕಿಲ್ಲವೆಂದೂ ವಾದಿಸಿದರು. ಅದು ತೆಗೆದುಹಾಕುವಂಥ ವಾದವಾಗಿರಲಿಲ್ಲ. ಕಂಬಿ ಹಾಕಿದ ಕಾಂಕ್ರೀಟ್ ಕೂಡ 5 ಗಿಗಾಹರ್ಟ್ಸ್‌ನಲ್ಲಿ 15 ಡೆಸಿಬೆಲ್‌ಗೂ ಹೆಚ್ಚು ನುಂಗಬಲ್ಲದು. ಇತ್ತ ಬೀರು ಬಟ್ಟೆ, ಕಾಗದ, ಪುಸ್ತಕಗಳಿಂದ ತುಂಬಿ ಭಾರವಾಗಿತ್ತು. ಅದನ್ನು ಸುಮ್ಮನೆ ಎಳೆದಾಡಿ ನೋಡೋಣವೆಂದರೆ ಯಾರೂ ಒಪ್ಪುವಂತಿರಲಿಲ್ಲ. ಕಂಬದ ವಾದ ನಿಜವಾಗಿದ್ದರೆ ಆ ಶ್ರಮವೆಲ್ಲ ವ್ಯರ್ಥ.

ಇವೆರಡನ್ನೂ ಬೇರ್ಪಡಿಸುವ ಒಂದು ಗುಣ ಎತ್ತರ. ಕಂಬ ನೆಲದಿಂದ ಚಾವಣಿಯವರೆಗೂ ಇರುತ್ತದೆ, ಬೀರು ಚಾವಣಿಗಿಂತ ಕೆಳಗೇ ಮುಗಿಯುತ್ತದೆ. ಹಾಗಾದರೆ ಬೀರುವಿನ ತಲೆಯ ಮೇಲಿನ ತೆರವಿನಲ್ಲಿ ಅಳೆದ ಅಂಕಿ ಈ ವಿವಾದವನ್ನು ಬಗೆಹರಿಸಬೇಕು. ಮೊದಲು ಬೀರುವಿನ ಬಾಗಿಲ ಮುಂದೆ ಎದೆಯ ಎತ್ತರದಲ್ಲಿ ಅಳೆದಾಗ -82 ಬಂತು. ಅದೇ ಜಾಗದಲ್ಲಿ ಸ್ಟೂಲಿನ ಮೇಲೆ ನಿಂತು, ಫೋನನ್ನು ಬೀರುವಿನ ತಲೆಗಿಂತ ಎರಡು ಗೇಣು ಮೇಲೆ, ಚಾವಣಿಯ ಕಡೆಗೆ ಎತ್ತಿ ಹಿಡಿದು, ಅಂಕಿ ಹೊಸದಾಗುವವರೆಗೆ ಕಾದಾಗ -65 ಬಂತು. ಅಲ್ಲಿ ಗೋಡೆ ಇದೆ, ಕಂಬ ಇರುವುದಾದರೆ ಕಂಬವೂ ಇದೆ, ಇಲ್ಲದ್ದು ಬೀರು ಮಾತ್ರ. ಬಯಲಿನ ಲೆಕ್ಕಕ್ಕೆ ಗೋಡೆಯ 8 ಡೆಸಿಬೆಲ್ ಸೇರಿಸಿದರೆ ಆ ದೂರದಲ್ಲಿ -63 ಬರಬೇಕಿತ್ತು. 2 ಡೆಸಿಬೆಲ್‌ನ ಕೊರತೆಯನ್ನು ಅಳತೆಯ ದೋಷವೆಂದು ಬಿಟ್ಟುಬಿಡಬಹುದು. ಬೀರುವಿನ ಪಕ್ಕದ ಬರಿಯ ಗೋಡೆಯ ಮುಂದೆ, ಅದರ ಅಂಚಿನಿಂದ ಅರ್ಧ ಮೀಟರ್ ಆಚೆ ಅಳೆದಾಗಲೂ -64 ಬಂದು ಇದೇ ತೀರ್ಮಾನವನ್ನು ಬಲಪಡಿಸಿತು. ಆದರೆ ಪಕ್ಕದ ಅಳತೆಯೊಂದೇ ಇದ್ದಿದ್ದರೆ ಸಾಲುತ್ತಿರಲಿಲ್ಲ, ಏಕೆಂದರೆ ಬೀರುವಿನಷ್ಟೇ ಅಗಲದ ಕಂಬವೂ ಪಕ್ಕದಲ್ಲಿ ಅಂಥದ್ದೇ ಫಲಿತಾಂಶ ಕೊಡುತ್ತದೆ. ಕಂಬದ ವಾದವನ್ನು ಕಳಚಿದ್ದು ಎತ್ತರದ ಅಳತೆ.

ಮರದ ಕಪಾಟಾಗಿದ್ದರೆ ಕೆಲವೇ ಡೆಸಿಬೆಲ್ ನಷ್ಟವಾಗಿ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಲೋಹದ ಹಾಳೆ ಹಾಗಲ್ಲ. ಅದು ಅಲೆಯನ್ನು ಹೀರಿಕೊಂಡು ತಗ್ಗಿಸುವುದಿಲ್ಲ, ಬಂದ ದಿಕ್ಕಿಗೇ ತಿರುಗಿಸಿಬಿಡುತ್ತದೆ. ಬೀರುವಿನ ಹಿಂದೆ ಸಿಗುತ್ತಿದ್ದ ಅಷ್ಟಿಷ್ಟು ಸಿಗ್ನಲ್ ಕೂಡ ಅದರ ಅಂಚುಗಳಲ್ಲಿ ಬಾಗಿ, ಪಕ್ಕದ ಗೋಡೆಗಳಿಗೆ ಬಡಿದು ಬಂದದ್ದು. ಆಳೆತ್ತರದ ಕನ್ನಡಿಯ ಬೆನ್ನಿನ ಲೋಹದ ಲೇಪವೂ ಇದೇ ಬಗೆಯ ಅಡ್ಡಿಯೆಂಬುದು ಅನೇಕರಿಗೆ ಹೊಳೆಯುವುದಿಲ್ಲ.

ಬದಲಾವಣೆ ಮತ್ತು ಮರು ಅಳತೆ

ಬೀರುವನ್ನು ಖಾಲಿ ಮಾಡಿ, ಹಜಾರದ ಗೋಡೆಯಿಂದ ಬಿಡಿಸಿ, ಅದೇ ಕೋಣೆಯ ಪಕ್ಕದ ಗೋಡೆಗೆ ಒರಗಿಸಿ ನಿಲ್ಲಿಸಲಾಯಿತು. ಮೇಜು, ರೂಟರ್, ಬಾಗಿಲು ಯಾವುದನ್ನೂ ಬದಲಿಸಲಿಲ್ಲ. ಒಂದು ಬಾರಿಗೆ ಒಂದನ್ನೇ ಬದಲಿಸದಿದ್ದರೆ ಯಾವುದರಿಂದ ಏನಾಯಿತೆಂದು ಹೇಳಲು ಬರುವುದಿಲ್ಲ. ಮೇಜಿನ ಬಳಿ 5 ಗಿಗಾಹರ್ಟ್ಸ್ ಅಂಕಿ -80 ರಿಂದ -65 ಕ್ಕೆ ಏರಿತು, 2.4 ರದು -67 ರಿಂದ -56 ಕ್ಕೆ. ಎರಡೂ ಈಗ ಮಲಗುವ ಕೋಣೆಯ ಅಂಕಿಗಳಿಗಿಂತ ಒಂದೊಂದು ಡೆಸಿಬೆಲ್ ಮಾತ್ರ ಕಡಿಮೆ. ಲ್ಯಾಪ್‌ಟಾಪಿನ ವಿಡಿಯೊ ಕರೆ ನಿಲ್ಲುವುದು ತಪ್ಪಿತು.

ಬೀರುವನ್ನು ಸರಿಸಲು ಜಾಗವೇ ಇಲ್ಲದಿದ್ದರೆ ಉಳಿದ ಮಾರ್ಗ ರೂಟರನ್ನು ಹಜಾರದ ಅಗಲದ ದಿಕ್ಕಿನಲ್ಲಿ ಸರಿಸಿ, ಮೇಜಿಗೆ ಬರುವ ಸರಳರೇಖೆ ಬೀರುವಿನ ಅಂಚಿನಾಚೆ ಹಾಯುವಂತೆ ಮಾಡುವುದು. ಇದಕ್ಕೆ ತಿಳಿದಿರಬೇಕಾದ ರೇಖಾಗಣಿತ ಸರಳ: ಬೀರು ಮೇಜಿಗೆ ಹತ್ತಿರ, ರೂಟರಿಗೆ ದೂರ ಇರುವಾಗ, ರೇಖೆಯನ್ನು ಬೀರುವಿನ ಬಳಿ ಅರ್ಧ ಮೀಟರ್ ಸರಿಸಬೇಕಾದರೆ ರೂಟರನ್ನು ಎರಡು ಮೀಟರಿಗೂ ಹೆಚ್ಚು ಸರಿಸಬೇಕಾಗುತ್ತದೆ. ಅದರ ಬದಲು ಮೇಜನ್ನೇ ಒಂದಿಷ್ಟು ಪಕ್ಕಕ್ಕೆ ಎಳೆದರೆ ಕಡಿಮೆ ಶ್ರಮದಲ್ಲಿ ಅದೇ ಫಲ ಸಿಗುತ್ತದೆ, ಏಕೆಂದರೆ ನೆರಳಿನಿಂದ ಹೊರಬರುವುದೇ ಇಲ್ಲಿನ ಉದ್ದೇಶ.

ಮನೆಯವರು ಯೋಚಿಸಿದ್ದಂತೆ ಎಕ್ಸ್‌ಟೆಂಡರನ್ನು ಓದುವ ಕೋಣೆಯ ಮೇಜಿನ ಮೇಲೆ ಇಟ್ಟಿದ್ದರೆ ಆ್ಯಪಿನಲ್ಲಿ ಅದ್ಭುತವಾದ ಅಂಕಿ ಕಾಣುತ್ತಿತ್ತು, ಕರೆ ಮಾತ್ರ ಮೊದಲಿನಂತೆಯೇ ನಿಲ್ಲುತ್ತಿತ್ತು. ಆಗ ಆ್ಯಪ್ ತೋರಿಸುವುದು ಎಕ್ಸ್‌ಟೆಂಡರ್ ಮತ್ತು ಫೋನಿನ ನಡುವಿನ ಬಲ. ಆ ಎಕ್ಸ್‌ಟೆಂಡರಿಗೆ ರೂಟರ್‌ನಿಂದ ಬರುತ್ತಿರುವುದು ಅದೇ -80. ಅಂಥ ಸಾಧನವನ್ನು ಇಡಬೇಕಾದ್ದು ರೂಟರ್‌ನ ಅಂಕಿ ಇನ್ನೂ -60 ರ ಆಸುಪಾಸಿನಲ್ಲಿರುವ ಜಾಗದಲ್ಲಿ, ಅಂದರೆ ಈ ಮನೆಯಲ್ಲಿ ಹಜಾರದ ದೂರದ ತುದಿಯಲ್ಲಿ ಅಥವಾ ಕೋಣೆಯೊಳಗೆ ಬೀರುವಿನ ಪಕ್ಕದ ಬರಿಯ ಗೋಡೆಯ ಬಳಿ. ರೂಟರಿನ ಶಕ್ತಿಯನ್ನು ಹೆಚ್ಚಿಸುವುದೂ ಅರ್ಧ ಪರಿಹಾರವೇ ಆಗುತ್ತಿತ್ತು. ಆ್ಯಪ್ ಅಳೆಯುವುದು ರೂಟರ್‌ನಿಂದ ಫೋನಿಗೆ ಬರುವ ದಾರಿಯನ್ನು ಮಾತ್ರ. ಫೋನಿನಿಂದ ರೂಟರಿಗೆ ಮರಳುವ ದನಿ ಸಾಮಾನ್ಯವಾಗಿ ಅದಕ್ಕಿಂತ ದುರ್ಬಲವಾಗಿದ್ದು, ಅದೂ ಅದೇ ಬೀರುವನ್ನು ದಾಟಬೇಕು.

ಒಂದು ಸಂಗತಿ ಈ ಲೆಕ್ಕಕ್ಕೆ ಸಿಗದೆ ಉಳಿಯಿತು. ಬೀರುವನ್ನು ಸರಿಸಿದ ಮೇಲೂ, 2.4 ಗಿಗಾಹರ್ಟ್ಸ್‌ನಲ್ಲಿ ಅಂಟಿಕೊಂಡಿದ್ದಾಗ ಫೋನಿನ ಮಾತು ಆಗೀಗ ತುಂಡಾಗುತ್ತಿತ್ತು, -56 ರಂಥ ಒಳ್ಳೆಯ ಅಂಕಿ ಇದ್ದೂ. ಇದಕ್ಕೆ ಉತ್ತರ ಅದೇ ಆ್ಯಪಿನ ಚಾನೆಲ್ ನಕ್ಷೆಯಲ್ಲಿತ್ತು. ಮನೆಯ ರೂಟರ್ 6 ನೆಯ ಚಾನೆಲ್‌ನಲ್ಲಿದ್ದು, ಅದೇ ಚಾನೆಲ್‌ನಲ್ಲಿ ನೆರೆಮನೆಗಳ ಎರಡು ಜಾಲಗಳು -70 ರ ಸುತ್ತ ಬಲವಾಗಿ ಕಾಣುತ್ತಿದ್ದವು, 4 ನೆಯದರಲ್ಲಿ ಇನ್ನೊಂದು ಜಾಲ ಅರ್ಧಂಬರ್ಧ ಮೇಲೆ ಹಬ್ಬಿಕೊಂಡಿತ್ತು. ಒಂದೇ ಚಾನೆಲ್‌ನಲ್ಲಿರುವ ಜಾಲಗಳು ಒಂದು ಮಾತಾಡುವಾಗ ಇನ್ನೊಂದು ಕಾಯಬೇಕು; ಅಲ್ಲಿ ಬಲಕ್ಕಿಂತ ಸರದಿಯೇ ಮುಖ್ಯ. 4 ರಲ್ಲಿರುವ ಜಾಲ ಇನ್ನೂ ಕೆಟ್ಟದ್ದು, ಏಕೆಂದರೆ ಅದರ ಮಾತು 6 ರಲ್ಲಿರುವವರಿಗೆ ಸರದಿಗೆ ಒಳಪಡದ ಬರಿಯ ಗದ್ದಲವಾಗಿ ಕೇಳಿಸುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಮಾತ್ರ. 11 ರಲ್ಲಿ -88 ರ ಬಲಹೀನ ಜಾಲವೊಂದೇ ಇದ್ದುದರಿಂದ ರೂಟರಿನ ಸೆಟ್ಟಿಂಗ್‌ನಲ್ಲಿ ಅದನ್ನು ಆರಿಸಲಾಯಿತು. ಸಿಗ್ನಲ್ ಅಂಕಿ ಒಂದು ಡೆಸಿಬೆಲ್ ಕೂಡ ಏರಲಿಲ್ಲ, ಆದರೆ ಮಾತು ತುಂಡಾಗುವುದು ನಿಂತಿತು. ಆ್ಯಪಿಗೆ ಕಾಣುವುದು ವೈಫೈ ಜಾಲಗಳು ಮಾತ್ರವಾದ್ದರಿಂದ, ಅದೇ ಆವರ್ತಾಂಕದಲ್ಲಿ ಸದ್ದು ಮಾಡುವ ಮೈಕ್ರೋವೇವ್ ಒಲೆ ಅಥವಾ ಬ್ಲೂಟೂತ್ ಸಾಧನಗಳು ಈ ನಕ್ಷೆಯಲ್ಲಿ ಮೂಡುವುದಿಲ್ಲ; ಚಾನೆಲ್ ಖಾಲಿಯಾಗಿ ಕಂಡೂ ತೊಂದರೆ ಉಳಿದರೆ ಅವುಗಳನ್ನು ಒಂದೊಂದಾಗಿ ಆಫ್ ಮಾಡಿ ನೋಡಬೇಕಾಗುತ್ತದೆ.